ಸಂಬಳವಿಲ್ಲದ ಅಸಾಧಾರಣ ರಜೆ: ಕೇಂದ್ರ ಸರ್ಕಾರಿ ನೌಕರರಿಗೆ ಅರ್ಜಿಯಿಂದ ಸೇವಾ ಪುಸ್ತಕದವರೆಗೆ

ಒಂದು ಕೇಂದ್ರ ಕಚೇರಿಯ ಎಸ್ಟಾಬ್ಲಿಷ್‌ಮೆಂಟ್ ವಿಭಾಗದಲ್ಲಿ ನಾನು ವರ್ಷಗಟ್ಟಲೆ ಕೂತವನು. ಒಮ್ಮೆ ನಮ್ಮ ಯುಡಿಸಿ ಮೇಡಂ ಒಬ್ಬರು ಅರ್ಜಿ ಹಿಡಿದು ಬಂದರು. ಊರಲ್ಲಿ ಅವರ ತಂದೆಗೆ ಪಾರ್ಶ್ವವಾಯು ಹೊಡೆದಿತ್ತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಆರು ತಿಂಗಳು ಸಂಬಳವಿಲ್ಲದ ರಜೆ ಬೇಕು ಎಂದು ಬರೆದು, ಕಾರಣದ ಜಾಗದಲ್ಲಿ ‘ವೈದ್ಯಕೀಯ ಕಾರಣ’ ಎಂದು ಹಾಕಿದ್ದರು. ಜೊತೆಗೆ ತಂದೆಯ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿದ್ದರು.

ಎಲ್ಲರೂ ಮಾಡುವ ತಪ್ಪು ಇದೇ. ಫೈಲು ಎರಡು ವಾರ ಓಡಾಡಿ, ‘ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿಲ್ಲ’ ಎಂಬ ಷರಾ ಹೊತ್ತು ವಾಪಸ್ ಬಂತು. ಮೇಡಂಗೆ ಅರ್ಥವಾಗಲಿಲ್ಲ. “ಸರ್, ಇಷ್ಟು ದಪ್ಪ ಆಸ್ಪತ್ರೆ ಕಾಗದ ಕೊಟ್ಟಿದ್ದೀನಲ್ಲ?” ಎಂದರು. ಆ ಕಾಗದ ತಂದೆಯದು. ನಿಯಮ ಕೇಳುವುದು ನೌಕರರ ಸ್ವಂತ ಕಾಯಿಲೆಯ ಪ್ರಮಾಣಪತ್ರ. ತಂದೆ, ತಾಯಿ, ಅತ್ತೆ, ಮಾವ ಯಾರೇ ಹಾಸಿಗೆ ಹಿಡಿದಿದ್ದರೂ ರಜೆಯ ಲೆಕ್ಕದಲ್ಲಿ ಅದು ನಿಮ್ಮ ಖಾಸಗಿ ಕೆಲಸ. ಕೇಳಲು ಕಠಿಣ ಅನಿಸುತ್ತದೆ. ಆದರೆ ಇನ್‌ಕ್ರಿಮೆಂಟ್, ಪಿಂಚಣಿಗೆ ಎಣಿಸುವ ಸೇವೆ ಎರಡೂ ಇದರ ಮೇಲೆ ನಿಂತಿವೆ. ಹಾಗಾಗಿ ಪೆನ್ನು ಹಿಡಿಯುವ ಮೊದಲೇ ನಿಮ್ಮ ರಜೆ ಯಾವ ಬಗೆಯದು ಎಂದು ತೀರ್ಮಾನಿಸಿಕೊಳ್ಳಬೇಕು.

ಇಲ್ಲಿ ಹೇಳುವುದು ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳು 1972 ಅನ್ವಯವಾಗುವ ನೌಕರರ ಬಗ್ಗೆ. ಅಂಚೆ, ಆದಾಯ ತೆರಿಗೆ, ಲೆಕ್ಕಪತ್ರ ಇಲಾಖೆಗಳವರು ಇದರಲ್ಲಿ ಬರುತ್ತಾರೆ. ರೈಲ್ವೆಯವರಿಗೆ ಬೇರೆ ಸಂಹಿತೆ ಇದೆ. ರಾಜ್ಯ ಸರ್ಕಾರಿ ನೌಕರರಾದರೆ ಕೆಸಿಎಸ್‌ಆರ್ ನಿಯಮ 117 ನೋಡಬೇಕು. ತತ್ವ ಸುಮಾರಾಗಿ ಒಂದೇ ಆದರೂ ನಮೂನೆ, ಮಿತಿ, ಮಂಜೂರಾತಿಯ ದಾರಿ ಬೇರೆ. ರಾಜ್ಯದ ಅರ್ಜಿಯಲ್ಲಿ ಕೇಂದ್ರದ ನಿಯಮ ಬರೆದು ವಾಪಸ್ ಪಡೆದವರೂ ಇದ್ದಾರೆ.

ಯಾವ ನಿಯಮ, ಯಾವ ಉಪನಿಯಮ

ಅಸಾಧಾರಣ ರಜೆ ಬರುವುದು ನಿಯಮ 32ರಲ್ಲಿ. ಕಚೇರಿಯಲ್ಲಿ ಇದಕ್ಕೆ ಎಲ್ಲರೂ ಇಒಎಲ್ ಅನ್ನುತ್ತಾರೆ. ಅದರ ಮೊದಲ ಉಪನಿಯಮದಲ್ಲಿ ಎರಡು ದಾರಿ ಇದೆ. 32(1)(ಎ) ಪ್ರಕಾರ, ಬೇರೆ ಯಾವ ರಜೆಯೂ ಸಿಗದಿದ್ದಾಗ ಇಒಎಲ್ ಕೊಡಬಹುದು. 32(1)(ಬಿ) ಪ್ರಕಾರ, ಖಾತೆಯಲ್ಲಿ ಬೇರೆ ರಜೆ ಇದ್ದರೂ ನೌಕರರು ಇಒಎಲ್ ಬೇಕೆಂದು ಲಿಖಿತವಾಗಿ ಕೇಳಿದರೆ ಕೊಡಬಹುದು.

ಈ ‘ಲಿಖಿತವಾಗಿ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಖಾತೆಯಲ್ಲಿ 40 ದಿನ ಗಳಿಕೆ ರಜೆ ಇಟ್ಟುಕೊಂಡು ನಿಯಮ 32 ಎಂದಷ್ಟೇ ಬರೆದರೆ, ವಿಷಯ ನಿರ್ವಾಹಕರು ‘ಗಳಿಕೆ ರಜೆ ಇದೆಯಲ್ಲ, ಇಒಎಲ್ ಯಾಕೆ?’ ಎಂದು ಕೇಳಿಯೇ ಕೇಳುತ್ತಾರೆ. ಅರ್ಜಿಯಲ್ಲೇ ಒಂದು ವಾಕ್ಯ ಇದ್ದರೆ ಆ ಪ್ರಶ್ನೆ ಏಳುವುದಿಲ್ಲ.

ಅವಧಿಗೂ ಮಿತಿ ಇದೆ. ಕಾಯಂ ನೌಕರರಿಗೆ ನಿಯಮ 32ರಲ್ಲಿ ಪ್ರತ್ಯೇಕ ಮಿತಿ ಇಲ್ಲ. ಆದರೆ ನಿಯಮ 12ರ ಪ್ರಕಾರ ಯಾವುದೇ ಬಗೆಯ ರಜೆ ಸೇರಿ ಸತತ 5 ವರ್ಷ ಮೀರುವಂತಿಲ್ಲ. ಕಾಯಂ ಆಗದವರಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 3 ತಿಂಗಳು ಮಾತ್ರ. ಒಂದು ವರ್ಷದ ಸತತ ಸೇವೆಯೂ ವೈದ್ಯಕೀಯ ಪ್ರಮಾಣಪತ್ರವೂ ಇದ್ದರೆ 6 ತಿಂಗಳವರೆಗೆ ಸಿಗುತ್ತದೆ. ಕೆಲವು ಗಂಭೀರ ಕಾಯಿಲೆಗಳಿಗೆ ಮತ್ತು ಸಾರ್ವಜನಿಕ ಹಿತದ ಓದಿಗೆ ಇದಕ್ಕಿಂತ ಜಾಸ್ತಿ ಅವಧಿ ಇದೆ. ಇನ್ನೂ ಕನ್‌ಫರ್ಮ್ ಆಗದವರು ಸೇವಾ ಪುಸ್ತಕ ನೋಡಿಕೊಂಡೇ ಅವಧಿ ಬರೆಯಬೇಕು. ಮಧ್ಯೆ ಬೇರೆ ರಜೆ ತೂರಿಸಿ ಎರಡು ಇಒಎಲ್ ತೆಗೆದುಕೊಂಡರೂ, ಮಿತಿ ಲೆಕ್ಕಕ್ಕೆ ಅದನ್ನು ಒಂದೇ ಅವಧಿ ಎಂದು ನೋಡುತ್ತಾರೆ.

ಬರೆಯುವ ಮೊದಲು ಲೆಕ್ಕ ಹಾಕಿ

ನಮ್ಮ ಮೇಡಂ ಕಾಯಂ ನೌಕರರು. ಖಾತೆಯಲ್ಲಿ 40 ದಿನ ಗಳಿಕೆ ರಜೆ, 56 ದಿನ ಅರ್ಧ ವೇತನ ರಜೆ ಇತ್ತು. ಇನ್‌ಕ್ರಿಮೆಂಟ್ ಬರುವುದು ಜುಲೈ 1ಕ್ಕೆ. ಲೆಕ್ಕ ಸುಲಭವಾಗಲಿ ಎಂದು ದಿನಾಂಕಗಳನ್ನು 2025ಕ್ಕೆ ತಂದಿದ್ದೇನೆ. ಸೆಪ್ಟೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಪೂರ್ತಿ ಇಒಎಲ್ ಬೇಕು ಅನ್ನುವುದು ಅವರ ಮೊದಲ ಯೋಚನೆ.

ವಾರಕ್ಕೆ ಐದು ದಿನದ ಕಚೇರಿ. 2026ರ ಫೆಬ್ರವರಿ 28 ಶನಿವಾರ, ಮಾರ್ಚ್ 1 ಭಾನುವಾರ. ಆದ್ದರಿಂದ ಶುಕ್ರವಾರ, ಫೆಬ್ರವರಿ 27ಕ್ಕೆ ರಜೆ ಮುಗಿಸಿ, ಆಮೇಲಿನ ಎರಡು ದಿನವನ್ನು ರಜೆಯ ಕೊನೆಗೆ ಸೇರಿಸಿಕೊಳ್ಳಲು ಅನುಮತಿ ಕೇಳಬಹುದು. ಅನುಮತಿ ಸಿಕ್ಕರೆ ಆ ಎರಡು ದಿನ ಇಒಎಲ್ ಲೆಕ್ಕಕ್ಕೆ ಬರುವುದಿಲ್ಲ. ರಜೆಯ ನಡುವೆ ಬರುವ ಶನಿವಾರ, ಭಾನುವಾರ, ಹಬ್ಬಗಳೆಲ್ಲ ಮಾತ್ರ ಇಒಎಲ್‌ನಲ್ಲೇ ಸೇರುತ್ತವೆ. ಹೀಗೆ ಒಟ್ಟು 180 ದಿನ.

ಇದರ ಬೆಲೆ ಸಂಬಳಕ್ಕಷ್ಟೇ ನಿಲ್ಲುವುದಿಲ್ಲ. ಜನವರಿ 1ಕ್ಕೂ ಜುಲೈ 1ಕ್ಕೂ 15 ದಿನ ಗಳಿಕೆ ರಜೆ ಖಾತೆಗೆ ಮುಂಗಡವಾಗಿ ಜಮಾ ಆಗುತ್ತದೆ, ಅಲ್ವಾ? ಹಿಂದಿನ ಅರ್ಧ ವರ್ಷದಲ್ಲಿ ತೆಗೆದುಕೊಂಡ ಇಒಎಲ್‌ನ ಹತ್ತನೇ ಒಂದು ಭಾಗವನ್ನು ಆ 15ರಿಂದ ಕಳೆಯುತ್ತಾರೆ. ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ 122 ದಿನ. ಹತ್ತನೇ ಒಂದು 12.2, ಅಂದರೆ 12. ಜನವರಿಗೆ ಜಮಾ ಆಗುವುದು ಬರೀ 3 ದಿನ. ಜನವರಿ, ಫೆಬ್ರವರಿಯ 58 ದಿನಕ್ಕೆ ಇನ್ನೂ 6 ದಿನ ಹೋಗುತ್ತದೆ. ಒಟ್ಟು ನಷ್ಟ 18 ದಿನ. ಅರ್ಧ ವೇತನ ರಜೆಯ ಜಮಾಕ್ಕೆ ಮಾತ್ರ ಇಒಎಲ್‌ನಿಂದ ಕತ್ತರಿ ಬೀಳುವುದಿಲ್ಲ.

ಇನ್‌ಕ್ರಿಮೆಂಟ್ ಲೆಕ್ಕ ಇದಕ್ಕಿಂತ ಸೂಕ್ಷ್ಮ. ವೈದ್ಯಕೀಯ ಪ್ರಮಾಣಪತ್ರವಿಲ್ಲದ ಇಒಎಲ್ ಇನ್‌ಕ್ರಿಮೆಂಟ್‌ಗೆ ಎಣಿಕೆಯಾಗುವುದಿಲ್ಲ. ಹಿಂದಿನ ಜುಲೈಯಿಂದ ಈ ಜೂನ್‌ವರೆಗಿನ ವರ್ಷದಲ್ಲಿ ಅರ್ಹ ಸೇವೆ ಆರು ತಿಂಗಳಿಗಿಂತ ಕಡಿಮೆಯಾದರೆ ಆ ಜುಲೈನ ಇನ್‌ಕ್ರಿಮೆಂಟ್ ಮುಂದಕ್ಕೆ ಹೋಗುತ್ತದೆ. ಮೇಡಂ ಲೆಕ್ಕದಲ್ಲಿ ಜುಲೈ, ಆಗಸ್ಟ್ ಸೇರಿ ಎರಡು ತಿಂಗಳು, ಮಾರ್ಚ್‌ನಿಂದ ಜೂನ್ ನಾಲ್ಕು ತಿಂಗಳು. ಕೂದಲೆಳೆಯಲ್ಲಿ ಆರು ತಿಂಗಳು ಆಗುತ್ತದೆ. ತಂದೆಗೆ ಹುಷಾರಾಗಲಿಲ್ಲವೆಂದು ಇನ್ನೊಂದು ವಾರ ವಿಸ್ತರಿಸಿದರೆ ಇನ್‌ಕ್ರಿಮೆಂಟ್ ಕೈತಪ್ಪುತ್ತದೆ.

ಇದನ್ನೆಲ್ಲ ಹಾಳೆಯ ಮೇಲೆ ಬರೆದು ತೋರಿಸಿ, ನಾನು ಅವರಿಗೆ ಇನ್ನೊಂದು ದಾರಿ ಹೇಳಿದೆ. ಅರ್ಧ ವೇತನ ರಜೆಯನ್ನು ಖಾಸಗಿ ಕೆಲಸಕ್ಕೂ ತೆಗೆದುಕೊಳ್ಳಬಹುದು, ಅದಕ್ಕೆ ವೈದ್ಯರ ಚೀಟಿ ಬೇಕಿಲ್ಲ. ಮೊದಲು ಆ 56 ದಿನ ಬಳಸಿದರೆ ಅರ್ಧ ಸಂಬಳ ಬರುತ್ತದೆ. ಆ ಅವಧಿ ಇನ್‌ಕ್ರಿಮೆಂಟ್‌ಗೂ ಪಿಂಚಣಿಗೂ ಎಣಿಕೆಯಾಗುತ್ತದೆ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 26ರವರೆಗೆ ಅರ್ಧ ವೇತನ ರಜೆ. ಅಕ್ಟೋಬರ್ 27ರಿಂದ ಫೆಬ್ರವರಿ 27ರವರೆಗೆ ಇಒಎಲ್, 124 ದಿನ. ಗಳಿಕೆ ರಜೆಯ ನಷ್ಟ 18ರ ಬದಲು 13. ಇನ್‌ಕ್ರಿಮೆಂಟ್‌ಗೆ ಸುಮಾರು ಎರಡು ತಿಂಗಳ ಉಸಿರು ಸಿಕ್ಕಿತು.

ಗಳಿಕೆ ರಜೆಯ 40 ದಿನವನ್ನು ಅವರು ಮುಟ್ಟಲಿಲ್ಲ. ನಿವೃತ್ತಿಯಲ್ಲಿ ಗರಿಷ್ಠ 300 ದಿನಕ್ಕೆ ನಗದು ಸಿಗುತ್ತದೆಂಬ ಲೆಕ್ಕ ಅವರದು. ಕೈಯಲ್ಲಿ ದುಡ್ಡಿಲ್ಲದ ಹೊತ್ತಿನಲ್ಲಿ ಗಳಿಕೆ ರಜೆಯನ್ನೂ ಬಳಸುವುದೇ ಜಾಣತನ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದು ಅವರವರ ಮನೆಯ ಲೆಕ್ಕ.

ನಮೂನೆ 1 ತುಂಬುವುದು

ರಜೆ ಯಾವುದೇ ಇರಲಿ, ಅರ್ಜಿ ನಮೂನೆ 1ರಲ್ಲೇ. ನಿಮ್ಮ ಕಚೇರಿಯಲ್ಲಿ ಇ-ಎಚ್‌ಆರ್‌ಎಂಎಸ್ ಇದ್ದರೆ ಅದೇ ವಿವರಗಳನ್ನು ತೆರೆಯ ಮೇಲೆ ತುಂಬುತ್ತೀರಿ. ಹೆಸರು, ಹುದ್ದೆ, ವಿಭಾಗ, ವೇತನ, ಮನೆ ಬಾಡಿಗೆ ಭತ್ಯೆ ಇವೆಲ್ಲ ಸುಲಭ. ನಾಲ್ಕು ಕಾಲಂಗಳಲ್ಲಿ ಮಾತ್ರ ಜನ ಎಡವುತ್ತಾರೆ.

ರಜೆಯ ಬಗೆ ಮತ್ತು ಅವಧಿಯ ಕಾಲಂನಲ್ಲಿ ಎರಡು ಬಗೆಯ ರಜೆ ಇದ್ದರೆ ಎರಡನ್ನೂ ಬೇರೆ ಬೇರೆಯಾಗಿ, ದಿನಾಂಕ ಮತ್ತು ದಿನಗಳ ಸಂಖ್ಯೆ ಸಮೇತ ಬರೆಯಿರಿ. ‘ಆರು ತಿಂಗಳು’ ಎಂದು ಬರೆಯಬೇಡಿ.

ರಜೆಯ ಮೊದಲಿಗೂ ಕೊನೆಗೂ ಸೇರಿಸುವ ರಜಾದಿನಗಳ ಕಾಲಂ ಖಾಲಿ ಬಿಡಬೇಡಿ. ಮೇಡಂ ಮೊದಲಿಗೆ ಆಗಸ್ಟ್ 30, 31 ಮತ್ತು ಕೊನೆಗೆ ಫೆಬ್ರವರಿ 28, ಮಾರ್ಚ್ 1 ಎಂದು ಬರೆದರು. ಶುಕ್ರವಾರ ಸಂಜೆಯೇ ಊರಿಗೆ ಹೊರಡಲು ಇದರಿಂದ ದಾರಿಯಾಯಿತು.

ಕಾರಣದ ಕಾಲಂನಲ್ಲಿ ‘ಖಾಸಗಿ ಕೆಲಸ: ತಂದೆಯ ಅನಾರೋಗ್ಯದಲ್ಲಿ ಆರೈಕೆ’ ಎಂದು ಬರೆಸಿದೆ. ತಂದೆಯ ಆಸ್ಪತ್ರೆ ಕಾಗದವನ್ನು ಲಗತ್ತಿಸಲು ಅಡ್ಡಿಯಿಲ್ಲ. ರಜೆ ಯಾಕೆ ಬೇಕೆಂದು ಅಧಿಕಾರಿಗೆ ಮನವರಿಕೆಯಾಗಲು ಅದು ಸಹಾಯ ಮಾಡುತ್ತದೆ. ‘ವೈದ್ಯಕೀಯ ಕಾರಣ’ ಎಂಬ ಪದ ಮಾತ್ರ ಬೇಡ.

ಕೊನೆಯದು ರಜೆಯಲ್ಲಿರುವಾಗಿನ ವಿಳಾಸ. ಕಚೇರಿಯ ಪತ್ರ ಹೋಗುವುದು ಅಲ್ಲಿಗೆ. ಬೆಂಗಳೂರಿನ ಬಾಡಿಗೆ ಮನೆಯ ವಿಳಾಸ ಕೊಟ್ಟು ಊರಲ್ಲಿ ಕೂತರೆ, ವಾಪಸ್ ಬರಲು ಕರೆದ ಪತ್ರವೂ ಕೈಸೇರುವುದಿಲ್ಲ.

ಜೊತೆಗಿಡುವ ಪತ್ರ

ನಮೂನೆ 1ರಲ್ಲಿ ಜಾಗ ಕಡಿಮೆ. ನಿಯಮ 32(1)(ಬಿ) ಕೇಳುವ ಲಿಖಿತ ಕೋರಿಕೆಗೆ ಪ್ರತ್ಯೇಕ ಪತ್ರ ಇರುವುದು ಒಳ್ಳೆಯದು. ಕಚೇರಿಯ ವ್ಯವಹಾರ ಯಾವ ಭಾಷೆಯಲ್ಲಿದೆಯೋ ಅದರಲ್ಲಿ ಬರೆಯಿರಿ. ಸಾರ ಇಷ್ಟು:

“ನನ್ನ ತಂದೆಯ ಆರೈಕೆಗಾಗಿ 1.9.2025ರಿಂದ 26.10.2025ರವರೆಗೆ 56 ದಿನ ಅರ್ಧ ವೇತನ ರಜೆ ಹಾಗೂ ಅದರ ಮುಂದುವರಿಕೆಯಾಗಿ 27.10.2025ರಿಂದ 27.2.2026ರವರೆಗೆ 124 ದಿನ ಅಸಾಧಾರಣ ರಜೆ ಮಂಜೂರು ಮಾಡಲು ಕೋರುತ್ತೇನೆ. ನನ್ನ ಖಾತೆಯಲ್ಲಿ ಗಳಿಕೆ ರಜೆ ಇದ್ದರೂ, ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳು 1972ರ ನಿಯಮ 32(1)(ಬಿ) ಅಡಿಯಲ್ಲಿ ಅಸಾಧಾರಣ ರಜೆಯನ್ನೇ ಕೋರುತ್ತಿದ್ದೇನೆ. ಈ ಅವಧಿಗೆ ವೇತನ ಸಿಗುವುದಿಲ್ಲ, ಇದು ವಾರ್ಷಿಕ ವೇತನ ಬಡ್ತಿಗೆ ಮತ್ತು ಅರ್ಹ ಸೇವೆಗೆ ಎಣಿಕೆಯಾಗುವುದಿಲ್ಲ ಎಂಬುದು ನನಗೆ ತಿಳಿದಿದೆ. ರಜೆಯ ಅವಧಿಯಲ್ಲಿ ಕೇಂದ್ರ ಸ್ಥಾನ ಬಿಡಲು ಅನುಮತಿ ನೀಡಬೇಕಾಗಿ ವಿನಂತಿ.”

ಕಣ್ಣೀರು ತರಿಸುವ ಎರಡು ಪುಟ ಬೇಕಿಲ್ಲ. ‘ತಿಳಿದಿದೆ’ ಎಂಬ ಆ ವಾಕ್ಯ ಮಾತ್ರ ಇರಲಿ. ಪರಿಣಾಮ ಗೊತ್ತಿದ್ದೇ ಕೇಳುತ್ತಿದ್ದಾರೆ ಎಂದು ಅಧಿಕಾರಿಗೆ ಧೈರ್ಯ ಬರುತ್ತದೆ, ಫೈಲು ಬೇಗ ಸಾಗುತ್ತದೆ.

ಕಾಯಿಲೆ ನಿಮ್ಮದೇ ಆದರೆ

ಆಗ ಕಥೆಯೇ ಬೇರೆ. ನಮೂನೆ 1ರ ಜೊತೆ ನಮೂನೆ 3ರಲ್ಲಿ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದರಲ್ಲಿ ಕಾಯಿಲೆ, ಶಿಫಾರಸು ಮಾಡಿದ ಅವಧಿ ಮತ್ತು ಅದು ಶುರುವಾಗುವ ದಿನಾಂಕ ಇರುತ್ತದೆ. ಅರ್ಜಿಯ ದಿನಾಂಕಗಳೂ ಪ್ರಮಾಣಪತ್ರದ ದಿನಾಂಕಗಳೂ ಒಂದಕ್ಕೊಂದು ಹೊಂದಬೇಕು. ಹೊಂದದೆ ಉಳಿದ ದಿನಗಳು ಪ್ರಮಾಣಪತ್ರವಿಲ್ಲದ ಇಒಎಲ್ ಆಗಿಬಿಡಬಹುದು. ಸಂಶಯ ಬಂದರೆ ಅಧಿಕಾರಿ ಎರಡನೇ ವೈದ್ಯರ ಅಭಿಪ್ರಾಯ ಕೇಳಬಹುದು. ಆದ್ದರಿಂದ ಪರಿಚಯದ ಡಾಕ್ಟರ ಹತ್ತಿರ ಸುಮ್ನೆ ಒಂದು ಚೀಟಿ ಬರೆಸಿಕೊಳ್ಳುವ ಆಸೆ ಬೇಡ.

ಪ್ರಮಾಣಪತ್ರದ ಮೇಲೆ ಮಂಜೂರಾದ ಇಒಎಲ್‌ಗೂ ಸಂಬಳ ಇಲ್ಲ. ಆದರೆ ಅದು ಇನ್‌ಕ್ರಿಮೆಂಟ್‌ಗೂ ಪಿಂಚಣಿಯ ಅರ್ಹ ಸೇವೆಗೂ ಎಣಿಕೆಯಾಗುತ್ತದೆ. ಇಂಥ ರಜೆಯಿಂದ ವಾಪಸ್ ಬರುವಾಗ ನಮೂನೆ 5ರಲ್ಲಿ ಫಿಟ್‌ನೆಸ್ ಪ್ರಮಾಣಪತ್ರ ತರಬೇಕು. ಅದಿಲ್ಲದೆ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ರಜೆ ಮುಗಿಯುವ ದಿನದ ಬೆಳಿಗ್ಗೆ ಡಾಕ್ಟರನ್ನು ಹುಡುಕಿಕೊಂಡು ಓಡಬೇಡಿ.

ಕೊಟ್ಟ ಮೇಲೆ

ಅರ್ಜಿಯನ್ನು ನೇರ ಮೇಲಧಿಕಾರಿಯ ಮೂಲಕವೇ ಕೊಡಿ, ಪ್ರತಿಗೆ ಟಪಾಲು ವಿಭಾಗದ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮೇಲಧಿಕಾರಿಯ ಶಿಫಾರಸು, ರಜೆ ಖಾತೆ ನೋಡಿಕೊಳ್ಳುವವರ ಅರ್ಹತಾ ಷರಾ, ಆಮೇಲೆ ಮಂಜೂರಾತಿ, ಇದು ಅದರ ದಾರಿ. ತಿಂಗಳ ಮುಂಚೆ ಕೊಟ್ಟರೆ ಆಕ್ಷೇಪಣೆ ಬಂದರೂ ಸರಿಪಡಿಸಲು ಸಮಯ ಇರುತ್ತದೆ.

ರಜೆ ಹಕ್ಕಲ್ಲ ಎಂದು ನಿಯಮ 7 ಹೇಳುತ್ತದೆ. ಕೆಲಸದ ಒತ್ತಡವಿದ್ದರೆ ಅಧಿಕಾರಿ ನಿರಾಕರಿಸಬಹುದು. ಆದರೆ ನೀವು ಕೇಳಿದ ರಜೆಯ ಬಗೆಯನ್ನು ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ಅರ್ಜಿ ಕೊಟ್ಟ ಮಾತ್ರಕ್ಕೆ ಹೊರಟುಬಿಡಬೇಡಿ, ಆದೇಶದ ಪ್ರತಿ ಕೈಗೆ ಬರಲಿ. ಮಂಜೂರಾಗದ ಗೈರುಹಾಜರಿಯನ್ನು ಆಮೇಲೆ ಇಒಎಲ್ ಆಗಿ ಪರಿವರ್ತಿಸುವ ಅಧಿಕಾರ ನಿಯಮ 32(6)ರಲ್ಲಿ ಇದೆ ನಿಜ. ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಅದನ್ನೇ ನಂಬಿ ಊರಿಗೆ ಹೋದವರು ನೋಟಿಸ್ ಹಿಡಿದು ಕೂತಿದ್ದಾರೆ.

ಆದೇಶ ಬಂದಾಗ ಮೊದಲು ದಿನಾಂಕ ನೋಡಿ, ಆಮೇಲೆ ನಿಯಮದ ಸಂಖ್ಯೆ ನೋಡಿ. ‘ವೈದ್ಯಕೀಯ ಪ್ರಮಾಣಪತ್ರದ ಮೇಲೆ’ ಅಥವಾ ‘ಪ್ರಮಾಣಪತ್ರವಿಲ್ಲದೆ’ ಎಂಬ ಮಾತು ಸ್ಪಷ್ಟವಾಗಿ ಇರಬೇಕು. ಸೇವಾ ಪುಸ್ತಕದಲ್ಲಿ ಬರುವ ನಮೂದು ಈ ಆದೇಶದ ನಕಲೇ. ಸ್ವಂತ ಕಾಯಿಲೆಗೆ ನಮೂನೆ 3 ಕೊಟ್ಟಿದ್ದೂ ಆದೇಶದಲ್ಲಿ ಬರೀ ‘ಇಒಎಲ್’ ಎಂದಿದ್ದರೆ, ಇಪ್ಪತ್ತು ವರ್ಷದ ನಂತರ ಪಿಂಚಣಿ ಕಾಗದ ಮಾಡುವ ಗುಮಾಸ್ತನಿಗೆ ಏನೂ ಗೊತ್ತಾಗುವುದಿಲ್ಲ. ಆಗಲೇ ತಿದ್ದುಪಡಿ ಕೇಳಿ.

ರಜೆಯಲ್ಲಿದ್ದೀರಿ ಎಂದರೆ ಸೇವೆಯಲ್ಲೇ ಇದ್ದೀರಿ. ನಿಯಮ 13ರ ಪ್ರಕಾರ ಪೂರ್ವಾನುಮತಿ ಇಲ್ಲದೆ ಬೇರೆ ಕಡೆ ಕೆಲಸಕ್ಕೆ ಸೇರುವಂತಿಲ್ಲ. ಸಂಬಳ ಬರುತ್ತಿಲ್ಲವಲ್ಲ ಎಂಬ ವಾದ ನಡೆಯುವುದಿಲ್ಲ. ಸಂಬಳದಿಂದಲೇ ಕಡಿತವಾಗುತ್ತಿದ್ದ ಸೊಸೈಟಿ ಸಾಲದ ಕಂತಿಗೆ ಬೇರೆ ವ್ಯವಸ್ಥೆ ಮಾಡಿಟ್ಟು ಹೋಗಿ. ಗುಂಪು ವಿಮೆಯ ವಂತಿಗೆ ವಾಪಸ್ ಬಂದ ಮೇಲೆ ಬಡ್ಡಿ ಸೇರಿಸಿ ಕಂತಿನಲ್ಲಿ ಕಡಿತವಾಗುತ್ತದೆ. ಮೊದಲ ತಿಂಗಳ ಸಂಬಳ ಕಡಿಮೆ ಬಂತೆಂದು ಗಾಬರಿಯಾಗಬೇಡಿ.

ವಿಸ್ತರಣೆ ಬೇಕಾದರೆ ರಜೆ ಮುಗಿಯುವ ಮೊದಲೇ ನಮೂನೆ 1ರಲ್ಲಿ ಮತ್ತೆ ಅರ್ಜಿ ಕೊಡಬೇಕು. ಸುಮ್ಮನೆ ಉಳಿದುಬಿಟ್ಟರೆ ನಿಯಮ 25 ಬರುತ್ತದೆ. ಆ ದಿನಗಳಿಗೆ ಸಂಬಳವೂ ಇಲ್ಲ, ಅರ್ಧ ವೇತನ ರಜೆ ಇದ್ದರೆ ಅದರಿಂದ ಕಳೆಯುತ್ತಾರೆ. ಬೇಕೆಂದೇ ಗೈರಾದರೆ ಶಿಸ್ತು ಕ್ರಮವೂ ಆಗಬಹುದು.

ರಜೆ ಮುಗಿಸಿ ಬಂದ ಮೇಲೆ, ಈ ಬಗೆಯ ಬದಲು ಆ ಬಗೆಯ ರಜೆ ತೆಗೆದುಕೊಳ್ಳಬೇಕಿತ್ತು ಎಂದು ಅನಿಸಿದರೆ ನಿಯಮ 10ರಲ್ಲಿ ಒಂದು ಕಿಟಕಿ ಇದೆ. ಕೆಲಸಕ್ಕೆ ಸೇರಿದ 30 ದಿನದೊಳಗೆ ಪರಿವರ್ತನೆ ಕೋರಬಹುದು. ಆಗ ಖಾತೆಯಲ್ಲಿ ಇದ್ದ, ಸಿಗಬಹುದಾಗಿದ್ದ ರಜೆಗೆ ಮಾತ್ರ ಅವಕಾಶ, ಅದೂ ಹಕ್ಕಲ್ಲ.

ಮೇಡಂ ಈ ಕಿಟಕಿಯನ್ನೇ ಬಳಸಿದರು. ಮಾರ್ಚ್ 2, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾದ ವರದಿ ಕೊಟ್ಟು, ಒಂದು ವಾರದೊಳಗೆ ಇನ್ನೊಂದು ಅರ್ಜಿ ತಂದರು. ಕೈ ಬರಿದಾಗಿದೆ, ಇಒಎಲ್‌ನ ಕೊನೆಯ 20 ದಿನವನ್ನು ಗಳಿಕೆ ರಜೆಯಾಗಿ ಬದಲಿಸಿಕೊಡಿ ಎಂದು. ಅದು ಮಂಜೂರಾಯಿತು. ಇಒಎಲ್ 104 ದಿನಕ್ಕೆ ಇಳಿಯಿತು, ಆ 20 ದಿನದ ಸಂಬಳವೂ ಬಂತು. ಸೇವಾ ಪುಸ್ತಕದಲ್ಲಿ ಹಳೆಯ ನಮೂದಿಗೆ ಅಡ್ಡಗೆರೆ ಹಾಕಿ, ಕೆಂಪು ಶಾಯಿಯಲ್ಲಿ ಹೊಸದನ್ನು ಬರೆದು ಅವರ ಕೈಲೇ ಸಹಿ ಹಾಕಿಸಿದೆ.